ಮಲ್ಟಿಮೋಡೋ ಸಿಂಗಲ್ ಮೋಡೋ: ಪಲ್ಸ್ ಎಷ್ಟು ಹರಡುತ್ತದೆ ನೋಡಿ ಆರಿಸಿ

ನೆಟ್‌ವರ್ಕ್‌ಗೆ ಆಪ್ಟಿಕಲ್ ಫೈಬರ್ ಕೇಬಲ್ ಆರಿಸುವಾಗ ಮೊದಲು ದೂರ ಅಳೆಯಿರಿ, ಬೆಲೆಯ ಮಾತು ಆಮೇಲೆ.

ಮಲ್ಟಿಮೋಡ್ ಫೈಬರಿನಲ್ಲಿ ಬೆಳಕಿಗೆ ಹಲವು ದಾರಿ. ಅದರ ಸ್ಟೆಪ್ ಇಂಡೆಕ್ಸ್ ಬಗೆಯಲ್ಲಿ ಒಂದು ಕಿರಣ ನೇರ ಹೋಗುತ್ತದೆ, ಇನ್ನೊಂದು ಗೋಡೆಗೆ ಬಡಿಯುತ್ತಾ ಅಂಕುಡೊಂಕಾಗಿ ಹೋಗಿ ತಡವಾಗಿ ತಲುಪುತ್ತದೆ. ಬೆಳಕು ಸಾಗುವ ತಿರುಳಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕು ಎಷ್ಟು ನಿಧಾನವಾಗುತ್ತದೆ ಎಂಬ ಅಳತೆ, 1.48, ಹೊದಿಕೆಯದು 1.46 ಎಂದಿಟ್ಟುಕೊಳ್ಳಿ. 1 ಕಿ.ಮೀ.ಗೆ ನೇರ ಕಿರಣಕ್ಕೆ ಸುಮಾರು 4,930 ನ್ಯಾನೋಸೆಕೆಂಡ್ ಬೇಕು. ಅತಿ ಓರೆಯಾದದ್ದು ಇನ್ನೂ 68 ನ್ಯಾನೋಸೆಕೆಂಡ್ ಹಿಂದೆ ಬೀಳುತ್ತದೆ. 100 ಮೆಗಾಬಿಟ್ ವೇಗದಲ್ಲಿ ಒಂದು ಬಿಟ್‌ಗೆ ಸಿಗುವುದೇ 10 ನ್ಯಾನೋಸೆಕೆಂಡ್. ಹಾಗಾಗಿ ಬಿಟ್ ಹೊತ್ತ ಪಕ್ಕಪಕ್ಕದ ಬೆಳಕಿನ ಪಲ್ಸ್‌ಗಳು ಒಂದರೊಳಗೊಂದು ಕಲಸಿಹೋಗುತ್ತವೆ.

ಇದಕ್ಕೇ ಗ್ರೇಡೆಡ್ ಇಂಡೆಕ್ಸ್ ಬಂದದ್ದು. ಅಂಚಿನತ್ತ ಸೂಚ್ಯಂಕ ಇಳಿಯುವುದರಿಂದ ಸುತ್ತಿ ಬರುವ ಕಿರಣ ಅಲ್ಲಿ ವೇಗವಾಗಿ ಸಾಗಿ ಹೆಚ್ಚುಕಡಿಮೆ ಸಮಕ್ಕೆ ಬರುತ್ತದೆ. ಓಎಂ3 ದರ್ಜೆಯ ಮಲ್ಟಿಮೋಡ್ ಕೇಬಲ್ 10 ಗಿಗಾಬಿಟ್ ಅನ್ನು 300 ಮೀಟರ್ ಒಯ್ಯುವುದು ಹೀಗೆ. ಹಳೆಯ 62.5 ಮೈಕ್ರಾನಿನ ಓಎಂ1 ಆದರೆ 33 ಮೀಟರಿಗೇ ಮುಗಿಯಿತು.

ಸಿಂಗಲ್ ಮೋಡಿನ ತಿರುಳು ಸುಮಾರು 9 ಮೈಕ್ರಾನ್. ದಾರಿ ಒಂದೇ, ಈ ತೊಂದರೆಯೇ ಇಲ್ಲ. ಬಣ್ಣಗಳ ವೇಗ ಬೇರೆಯಾಗಿ ಆಗುವ ಅಲ್ಪ ಹರಡಿಕೆ ಮಾತ್ರ ಉಳಿಯುತ್ತದೆ, 10 ಕಿ.ಮೀ. ಸಾಮಾನ್ಯ. ಆದರೆ ಜೋಡಣೆ ಚೂರು ತಪ್ಪಿದರೂ, ತುದಿಯಲ್ಲಿ ಧೂಳು ಕೂತರೂ ಬೆಳಕು ಸೋರುತ್ತದೆ.

ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಸರಿ ತೋರಿಸಿದರೂ ಡೇಟಾ ಕೆಟ್ಟು ಬಂದದ್ದನ್ನು ಹೇಳುವ ಸಿಆರ್‌ಸಿ ದೋಷ ಏರುತ್ತಿದ್ದು, ವೇಗ ಇಳಿಸಿದಾಗ ಆ ದೋಷ ನಿಂತರೆ, ಪಲ್ಸ್ ಹರಡಿಕೆಯನ್ನೇ ಮೊದಲು ಅನುಮಾನಿಸಿ.

ಒಂದೇ ಸರ್ವರ್ ಕೋಣೆಯೊಳಗೆ ಓಎಂ3 ಸಾಕು, ಅದಕ್ಕೆ ಬೆಳಕು ಕಳಿಸಿ ಪಡೆಯುವ ಟ್ರಾನ್ಸೀವರ್ ಅಗ್ಗ. ಕಟ್ಟಡದಿಂದ ಕಟ್ಟಡಕ್ಕೆ ನೆಲ ಅಗೆದು ಹಾಕುವುದಾದರೆ ಸಿಂಗಲ್ ಮೋಡ್ ಹಾಕಿ.