ಆರು ವರ್ಷ ಇ-ಬೇ ಹರಾಜಿನಲ್ಲಿ: ಹಳೇ ಮಡಿಕೇರಿ ಕಾರ್ಡುಗಳಿಗೆ ನಾನು ಕೊಟ್ಟ ಬೆಲೆ

ನಮ್ಮ ತೋಟ ಅಮ್ಮತ್ತಿ ಕಡೆ. ಕಾಫಿ ಕೆಲಸದ ನಡುವೆ ನನಗಿರುವ ಒಂದೇ ಹುಚ್ಚು ಹಳೇ ಕೊಡಗಿನ ಪೋಸ್ಟ್‌ಕಾರ್ಡುಗಳದು. ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದವರು ಊರಿಗೆ ಕಳಿಸಿದ ಚಿತ್ರದ ಕಾರ್ಡುಗಳು ಈಗ ಇಂಗ್ಲೆಂಡಿನ ಅಟ್ಟಗಳಿಂದ ಹೊರಬಂದು ಹರಾಜಿಗೆ ಬೀಳುತ್ತವೆ. ಇಂಟರ್ನೆಟ್ ಹರಾಜಿನ ತಾಣವಾದ ಇ-ಬೇಯ ಭಾರತದ ಅಂಗಡಿ 2018ರಲ್ಲೇ ಮುಚ್ಚಿತು. ಆದರೆ ಹೊರದೇಶದ ತಾಣದಲ್ಲಿ ನಾವು ಇಲ್ಲಿಂದಲೇ ಕೊಳ್ಳಬಹುದು. ಆರು ವರ್ಷದಿಂದ ನಾನು ಹಾಗೇ ಕೊಳ್ಳುತ್ತಿದ್ದೇನೆ.

ಹುಡುಕುವಾಗ ಹಳೇ ಹೆಸರುಗಳನ್ನೇ ಹಾಕಬೇಕು. ಮಡಿಕೇರಿಗೆ Mercara, ಕುಶಾಲನಗರಕ್ಕೆ Fraserpet. ಮಾರುವವರು ಕೆಲವೊಮ್ಮೆ Mercera ಅಂತ ತಪ್ಪಾಗಿ ಬರೆದಿರುತ್ತಾರೆ. ಅದನ್ನೂ ಹುಡುಕಿ ನೋಡಿ, ಅಂಥದ್ದಕ್ಕೆ ಪೈಪೋಟಿ ಕಡಿಮೆ ಇರುತ್ತದೆ.

ಇ-ಬೇಯ ಹರಾಜು ನಮ್ಮ ಊರ ಹಬ್ಬದಲ್ಲಿ ಬಾಳೆಗೊನೆ ಕೂಗಿದ ಹಾಗಲ್ಲ. ಅಲ್ಲಿ ಎದುರಿನವನ ಮುಖ ನೋಡಿಕೊಂಡು ಕೂಗುತ್ತೇವೆ. ಇಲ್ಲಿ ನೀವು ನಿಮ್ಮ ಗರಿಷ್ಠ ಬೆಲೆಯನ್ನು ಒಂದೇ ಸಲ ಹೇಳುತ್ತೀರಿ, ತಾಣ ಅದನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತದೆ. ಎದುರಾಳಿ ಕೂಗಿದಾಗ, ಅವನನ್ನು ದಾಟಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ನಿಮ್ಮ ಪರವಾಗಿ ಏರಿಸುತ್ತದೆ. ನೀವು 20 ಪೌಂಡ್ ಅಂತ ಹಾಕಿ, ಎರಡನೆಯವನ ಗರಿಷ್ಠ 9 ಪೌಂಡ್ ಇದ್ದರೆ, ನಿಮಗೆ ಬೀಳುವುದು ಒಂಬತ್ತೂವರೆ, ಆ ಬೆಲೆಯಲ್ಲಿ ಏರಿಕೆಯ ಒಂದು ಹೆಜ್ಜೆ ಅರ್ಧ ಪೌಂಡ್. ಇಬ್ಬರೂ ಒಂದೇ ಮೊತ್ತ ಹಾಕಿದರೆ ಮೊದಲು ಹಾಕಿದವರಿಗೆ ಸಿಗುತ್ತದೆ.

ಇದು ಅರ್ಥವಾಗದೆ ನಾನು ಮೊದಲ ವರ್ಷವೇ ದುಡ್ಡು ಕಳೆದುಕೊಂಡೆ. ಮಡಿಕೇರಿ ಕೋಟೆಯ ಒಂದು ಕಾರ್ಡು 7 ಪೌಂಡಿನಲ್ಲಿತ್ತು. ನಾನು 9 ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ 'ನಿಮ್ಮನ್ನು ದಾಟಿದ್ದಾರೆ' ಅಂತ ಬಂತು. 11 ಹಾಕಿದೆ, ಅದೇ ಕತೆ. 13, 15, 18. ಯಾರೋ ಆ ಕಡೆ ಕೂತು ನನ್ನ ಜೊತೆ ಹಟಕ್ಕೆ ಬಿದ್ದಿದ್ದಾರೆ ಅಂತ ಸಿಟ್ಟು ಬಂದು 25 ಹಾಕಿದೆ. 24 ಪೌಂಡಿಗೆ ನನ್ನದಾಯಿತು. ಅಂಚೆ ಸೇರಿ 3,000 ರೂಪಾಯಿ ದಾಟಿತು. ಅದೇ ಕಾರ್ಡು ಅದಕ್ಕೂ ಮೊದಲು 10, 12 ಪೌಂಡಿಗೆ ಹೋಗಿತ್ತು ಅಂತ ಆಮೇಲೆ ನೋಡಿದೆ.

ಯಾರು ಯಾವಾಗ ಎಷ್ಟು ಕೂಗಿದರು ಅಂತ ತೋರಿಸುವ ಬಿಡ್ ಇತಿಹಾಸ ತೆರೆದಾಗ ನಿಜ ಗೊತ್ತಾಯಿತು. ಎದುರಾಳಿ ಮೂರು ದಿನ ಮೊದಲೇ ಒಂದು ಸಲ ಬಂದು, 23 ಪೌಂಡ್ ಗರಿಷ್ಠ ಹಾಕಿ ಹೋಗಿದ್ದ. ಆ ಹೊತ್ತಿಗೆ ಅವನು ಮಲಗಿದ್ದನೋ ಏನೋ. ನಾನು ಜಗಳವಾಡಿದ್ದು ಅವನು ಬಿಟ್ಟುಹೋದ ಒಂದು ಅಂಕಿಯ ಜೊತೆ. ನೀವು ಹಾಕಿದ ಕ್ಷಣವೇ ದಾಟಿದ ಸೂಚನೆ ಬಂದರೆ ಅಲ್ಲಿ ಮನುಷ್ಯ ಇಲ್ಲ, ಮೊದಲೇ ಇಟ್ಟ ಗರಿಷ್ಠ ಇದೆ ಅಂತ ತಿಳಿಯಿರಿ. ಚೂರುಚೂರು ಏರಿಸುತ್ತಾ ಹೋದರೆ ಅವನ ಗುಟ್ಟನ್ನು ನಿಮ್ಮ ಖರ್ಚಿನಲ್ಲಿ ಹುಡುಕಿದ ಹಾಗೆ.

ಈಗ ಗರಿಷ್ಠವನ್ನು ಹಿಂದಿನಿಂದ ಲೆಕ್ಕ ಹಾಕುತ್ತೇನೆ. ಮೊದಲು Sold Items ಒತ್ತಿ, ಅಂಥದ್ದೇ ಕಾರ್ಡುಗಳು ನಿಜವಾಗಿ ಎಷ್ಟಕ್ಕೆ ಹೋಗಿವೆ ನೋಡುತ್ತೇನೆ. ಮಾರುವವರು ಕೇಳುವ ಬೆಲೆಗೆ ಅರ್ಥವಿಲ್ಲ, ಮಾರಾಟವಾದ ಬೆಲೆಯೇ ಬೆಲೆ. ಅದರಲ್ಲೂ ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು ಬಿಡಬೇಕು. ಅದು ಇಬ್ಬರು ಹಟಕ್ಕೆ ಬಿದ್ದ ದಿನದ್ದಾಗಿರಬಹುದು.

ಆಮೇಲೆ ಮನೆಯಲ್ಲಿ ಯೋಚಿಸಿ ರೂಪಾಯಿಯಲ್ಲಿ ಒಂದು ಮಿತಿ. ಹೋದ ಸಲದ ರಾಜಾಸೀಟ್ ಕಾರ್ಡಿಗೆ ಒಟ್ಟು 2,500 ಅಂತ ಇಟ್ಟೆ. ಕಸ್ಟಮ್ಸ್ ಸುಂಕ ಬಿದ್ದರೆ ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲಿ ವಸೂಲಿ ಮಾಡುತ್ತಾರೆ. ಅದಕ್ಕೆ 400 ತೆಗೆದಿಟ್ಟೆ. ಉಳಿದದ್ದು 2,100. ಆಗ ಪೌಂಡಿಗೆ ಸುಮಾರು 105 ರೂಪಾಯಿ. ಆದರೆ ನನ್ನ ಕಾರ್ಡಿನ ಬ್ಯಾಂಕು ವಿದೇಶಿ ಖರೀದಿಗೆ ಮೂರೂವರೆ ಪರ್ಸೆಂಟ್, ಅದರ ಮೇಲೆ ಜಿಎಸ್‌ಟಿ ಹಾಕುತ್ತದೆ. ಹಾಗಾಗಿ ನನಗೆ ಪೌಂಡ್ ಬೀಳುವುದು 109.3ರ ಹತ್ತಿರ. 2,100ಕ್ಕೆ 19 ಪೌಂಡ್ 21 ಪೆನ್ಸ್ ಆಯಿತು. ಅಂಚೆಗೆ ಐದೂವರೆ ಕಳೆದರೆ 13 ಪೌಂಡ್ 71 ಪೆನ್ಸ್. ಅದನ್ನೇ ಹಾಕಿದೆ.

ದುಂಡು ಅಂಕಿ ಹಾಕಬೇಡಿ. ಜಾಸ್ತಿ ಜನ ಹದಿಮೂರೂವರೆ, ಹದಿನಾಲ್ಕು ಅಂತ ಹಾಕುತ್ತಾರೆ. ಹದಿಮೂರೂವರೆ ಹಾಕಿದವನನ್ನು 13 ಪೌಂಡ್ 71 ಪೆನ್ಸ್ ದಾಟುತ್ತದೆ, ಪೂರ್ತಿ ಒಂದು ಹೆಜ್ಜೆ ಏರದಿದ್ದರೂ ಸರಿ.

ಹಾಕುವ ಮೊದಲು ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಯಾರೋ 14ಕ್ಕೆ ಇದನ್ನು ಒಯ್ದರೆ ಬೆಳಿಗ್ಗೆ ಹೊಟ್ಟೆ ಉರಿಯುತ್ತದಾ? ಉರಿಯುತ್ತದೆ ಅಂದರೆ ಮಿತಿ ಕಡಿಮೆ ಇಟ್ಟಿದ್ದೇನೆ ಅಂತ. ಅದನ್ನು ಸರಿ ಮಾಡಬೇಕಾದ್ದು ಆಗಲೇ, ಗಡಿಯಾರ ಓಡುವಾಗ ಅಲ್ಲ.

ಕೊನೇ ಹತ್ತು ಸೆಕೆಂಡಿನಲ್ಲಿ ಬಿಡ್ ಹಾಕುವುದೇ ಜಾಣತನ ಅಂತ ಹಲವರು ಹೇಳುತ್ತಾರೆ. ಚೂರುಚೂರು ಏರಿಸುವವರಿಗೆ ಉತ್ತರಿಸಲು ಹೊತ್ತು ಸಿಗುವುದಿಲ್ಲ, ಆ ಲಾಭ ನಿಜ. ಆದರೆ ಇಂಗ್ಲೆಂಡಿನ ಭಾನುವಾರ ರಾತ್ರಿ ಎಂಟು ಗಂಟೆ ಅಂದರೆ ನಮಗೆ ಅಲ್ಲಿನ ಬೇಸಿಗೆಯಲ್ಲಿ ಹನ್ನೆರಡೂವರೆ, ಅಲ್ಲಿನ ಚಳಿಗಾಲದಲ್ಲಿ ಒಂದೂವರೆ. ಮಳೆಗಾಲದಲ್ಲಿ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ನಾನು ಊಟ ಮುಗಿಸಿ, ಲೆಕ್ಕದ ಅಂಕಿ ಹಾಕಿ ಮಲಗುತ್ತೇನೆ. ರಾಜಾಸೀಟ್ ಕಾರ್ಡು ಹಾಗೇ 9 ಪೌಂಡ್ 60ಕ್ಕೆ ಸಿಕ್ಕಿತು. ಸುಂಕ ಬೀಳಲಿಲ್ಲ, ಒಟ್ಟು 1,650 ರೂಪಾಯಿ. ವಿರಾಜಪೇಟೆ ಅಂಚೆ ಮುದ್ರೆಯ ಒಂದು ಲಕೋಟೆಗೆ 22 ಹಾಕಿದ್ದೆ, ಅದು 41ಕ್ಕೆ ಹೋಯಿತು. ಬೇಜಾರಾಯಿತು, ಆದರೆ 41 ಕೊಡುವ ಮನಸ್ಸು ನನಗೆ ಯಾವತ್ತೂ ಇರಲಿಲ್ಲ.

ಎಚ್ಚರ ಬೇಕಾದ ಜಾಗ ಒಂದಿದೆ. ಮಾರುವವನ ಕಡೆಯವರೇ ಬಂದು ಬೆಲೆ ಏರಿಸುವುದು. ಇ-ಬೇ ನಿಯಮದಲ್ಲಿ ಇದು ನಿಷಿದ್ಧ, ಆದರೂ ನಡೆಯುತ್ತದೆ. ಬಿಡ್ ಇತಿಹಾಸದಲ್ಲಿ ಎದುರಾಳಿಯ ಹೆಸರು ಮುಚ್ಚಿರುತ್ತದೆ. ಆದರೆ ಅವನ ಬಿಡ್‌ಗಳಲ್ಲಿ ಎಷ್ಟು ಪಾಲು ಇದೇ ಮಾರಾಟಗಾರನ ವಸ್ತುಗಳಿಗೆ ಅನ್ನುವುದು ಕಾಣುತ್ತದೆ. ನೂರಕ್ಕೆ ನೂರು ಅಂತಿದ್ದು, ಹಿಂದಿನ ವ್ಯವಹಾರಗಳಿಗೆ ಅವನಿಗೆ ಬಂದ ಫೀಡ್‌ಬ್ಯಾಕ್ ಸೊನ್ನೆಯ ಹತ್ತಿರ ಇದ್ದರೆ ನಾನು ಬಿಟ್ಟುಬಿಡುತ್ತೇನೆ. ಅದು ಪುರಾವೆಯಲ್ಲ, ಹೊಸ ಸಂಗ್ರಾಹಕನೂ ಆಗಿರಬಹುದು. ಸೋತ ಮೇಲೆ ಅದೇ ಮಾರಾಟಗಾರನಿಂದ 'ನೀವೇ ಕೊಳ್ಳಿ' ಅನ್ನುವ Second Chance Offer ಬಂದರೆ ಇನ್ನೂ ಯೋಚಿಸಬೇಕು. ಅದು ಬರುವುದು ನೀವು ಹಾಕಿದ ಅತಿ ಹೆಚ್ಚಿನ ಬಿಡ್‌ನ ಬೆಲೆಗೆ. ನನಗೂ ಒಮ್ಮೆ ಹಾಗೆ ಬಂದಿತ್ತು. ಗೆದ್ದವನ ಬಿಡ್‌ಗಳೆಲ್ಲ ಆ ಮಾರಾಟಗಾರನಿಗೇ ಇದ್ದವು, ಹಾಗಾಗಿ ಬೇಡ ಅಂದೆ.

ಸದ್ಯಕ್ಕೆ Fraserpet ಮುದ್ರೆಯ ಒಂದು ಲಕೋಟೆ ಹರಾಜಿನಲ್ಲಿದೆ. ಬೆಲೆ 6 ಪೌಂಡಿನಲ್ಲಿ ನಿಂತಿದೆ. ತೋಟದ ಲೆಕ್ಕದ ಡೈರಿಯಲ್ಲಿ 18.31 ಅಂತ ಬರೆದಿಟ್ಟಿದ್ದೇನೆ. ಭಾನುವಾರ ಊಟ ಆದ ಮೇಲೆ ಹಾಕುತ್ತೇನೆ.