ಡಿಸೈನರ್‌ಗೆ ಐದು ಸ್ಟಾರ್ ಒತ್ತುವ ಮುನ್ನ ಫೈಲ್ ತೆರೆದು ನೋಡಿ

ಆನ್‌ಲೈನ್ ತಾಣಗಳಲ್ಲಿ ಫ್ರೀಲಾನ್ಸ್ ಡಿಸೈನರ್ ಹುಡುಕುತ್ತಿರುವವರು, ಅದರಲ್ಲೂ ಕನ್ನಡ ಅಕ್ಷರಗಳಿರುವ ಲೇಬಲ್ ಮಾಡಿಸಬೇಕೆಂದಿರುವವರು, ದಯವಿಟ್ಟು ಇದನ್ನು ಓದಿ. ಸಂವಹನಕ್ಕೆ ಐದು, ಸಮಯಪಾಲನೆಗೆ ಐದು ಎಂದು ಸ್ಟಾರ್‌ಗಳು ಮಿನುಗುತ್ತಿದ್ದ ಒಬ್ಬ ಡಿಸೈನರ್‌ಗೆ ಕೆಲಸ ಕೊಟ್ಟು ನಾವು ಪಟ್ಟ ಪಾಡು ಇದು. ಆತನ ಹೆಸರಾಗಲಿ ತಾಣದ ಹೆಸರಾಗಲಿ ಇಲ್ಲಿ ಬೇಡ. ಇಂಥವರು ಎಲ್ಲ ತಾಣಗಳಲ್ಲೂ ಇದ್ದಾರೆ.

ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಬೆಲ್ಲದ ಪುಡಿಯನ್ನು ಅರ್ಧ ಕಿಲೋ ಪೊಟ್ಟಣಗಳಲ್ಲಿ ತುಂಬಿ ಮಾರಲು ಅಂಟಿಸುವ ಲೇಬಲ್ ಬೇಕಿತ್ತು. ಪ್ಯಾಕೇಜಿನ ವಿವರ ಸ್ಪಷ್ಟವಾಗಿಯೇ ಇತ್ತು: ಏಳು ದಿನ, ಮೂರು ರಿವಿಷನ್, ಮುದ್ರಣಕ್ಕೆ ಸಿದ್ಧವಾದ ಫೈಲ್. ಹಣವನ್ನು ಮೊದಲೇ ತಾಣಕ್ಕೆ ಕಟ್ಟಬೇಕು, ಕೆಲಸ ಒಪ್ಪಿಕೊಂಡ ಮೇಲೆ ಅದು ಡಿಸೈನರ್ ಕೈಸೇರುತ್ತದೆ.

ಉತ್ತರ ಕೊಡುವುದರಲ್ಲಿ ಆಸಾಮಿ ಚುರುಕು. ಸಂದೇಶ ಕಳುಹಿಸಿದರೆ ಟೀ ಆರುವ ಮೊದಲೇ ‘ಖಂಡಿತ ಸರ್’, ‘ಆಗುತ್ತದೆ ಸರ್’ ಎಂದು ಬರುತ್ತಿತ್ತು. ಪ್ರೊಫೈಲಿನಲ್ಲಿ ತೋರಿಸುವ ಪ್ರತಿಕ್ರಿಯೆಯ ಸಮಯ ಅಳೆಯುವುದು ಇದನ್ನು ಮಾತ್ರ. ಆದರೆ ಲೇಬಲ್ಲಿನ ಉದ್ದಗಲ ಎಷ್ಟು, ಯಾವ ಕಾಗದ, ಎಲ್ಲಿ ಅಚ್ಚು ಹಾಕಿಸುತ್ತೀರಿ ಎಂದು ಆತ ಒಮ್ಮೆಯೂ ಕೇಳಲಿಲ್ಲ. ಆಹಾರದ ಲೇಬಲ್ ಎಂದರೆ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನಾಂಕ ಎಲ್ಲವೂ ಇರಬೇಕು. ಕೆಲಸ ಬಲ್ಲ ಡಿಸೈನರ್ ಇವನ್ನೆಲ್ಲ ತಾನಾಗಿಯೇ ಕೇಳಿ ಬರೆದುಕೊಳ್ಳುತ್ತಾರೆ. ನಾವೇ ಪಟ್ಟಿ ಮಾಡಿ ಕಳುಹಿಸಿದ್ದಕ್ಕೂ ಸಿಕ್ಕಿದ ಉತ್ತರ ‘ಖಂಡಿತ ಸರ್’.

ಈಗ ಗಡುವಿನ ಕಥೆ. ಏಳನೆಯ ದಿನ ರಾತ್ರಿ ‘ನಿಮ್ಮ ಕೆಲಸ ತಲುಪಿದೆ’ ಎಂಬ ಸೂಚನೆ ಬಂತು. ಜಿಪ್ ಫೈಲ್ ಬಿಚ್ಚಿದರೆ ಒಳಗೆ ಡಿಸೈನ್ ಇಲ್ಲ, ‘ಅಂತಿಮ ಫೈಲ್ ನಾಳೆ ಕಳುಹಿಸುತ್ತೇನೆ’ ಎಂಬ ಒಂದು ಸಾಲಿನ ಚೀಟಿ! ಇದು ಮರೆವಲ್ಲ, ಪಳಗಿದ ಕೈಚಳಕ. ಡಿಸೈನರ್ ಏನನ್ನೇ ಆಗಲಿ ಕಳುಹಿಸಿ ‘ಡೆಲಿವರಿ’ ಗುಂಡಿ ಒತ್ತಿದ ಕೂಡಲೇ ತಾಣದ ಗಡಿಯಾರ ನಿಲ್ಲುತ್ತದೆ, ಲೆಕ್ಕದಲ್ಲಿ ಕೆಲಸ ಸಮಯಕ್ಕೆ ಮುಗಿದಂತೆ. ಅಷ್ಟೇ ಅಲ್ಲ, ನಾವು ಬಳಸಿದ ತಾಣದಲ್ಲಿ ಗ್ರಾಹಕರು ಮೂರು ದಿನ ಸುಮ್ಮನಿದ್ದರೆ ಆರ್ಡರ್ ತಾನೇ ಮುಗಿದು ಹಣವೂ ಬಿಡುಗಡೆಯಾಗುತ್ತದೆ. ಮದುವೆಗೋ ಜಾತ್ರೆಗೋ ಹೋಗಿ ಫೋನ್ ನೋಡದಿದ್ದವರ ಗತಿ ಏನು ಹೇಳಿ.

ಇದನ್ನು ತಡೆಯಲು ಡೆಲಿವರಿಯ ಕೆಳಗೆ ಎದ್ದು ಕಾಣುವ ಗುಂಡಿ ಒಂದೇ, ‘ರಿವಿಷನ್ ಬೇಕು’ ಎನ್ನುವುದು. ಅದನ್ನು ಒತ್ತಿದೆವು. ಮೂರರಲ್ಲಿ ಒಂದು ರಿವಿಷನ್ ಅಲ್ಲಿಗೇ ಖರ್ಚಾಯಿತು, ಇನ್ನೂ ಕಣ್ಣಿಗೆ ಕಾಣದ ಡಿಸೈನ್‌ಗೆ! ಖಾಲಿ ಡೆಲಿವರಿ ಬಂದರೆ ರಿವಿಷನ್ ಬದಲು ತಾಣದ ದೂರು ವಿಭಾಗಕ್ಕೆ ಹೋಗಿ ‘ಅಪೂರ್ಣ ಡೆಲಿವರಿ’ ಎಂದು ಸ್ಕ್ರೀನ್‌ಶಾಟ್ ಸಮೇತ ದಾಖಲಿಸಿ. ಹಾಗೆಯೇ ‘ಎರಡು ದಿನ ಹೆಚ್ಚು ಕೊಡಿ’ ಎಂಬ ವಿನಂತಿಗೆ ದಾಕ್ಷಿಣ್ಯದಿಂದ ಒಪ್ಪಿದರೆ ಹೊಸ ದಿನಾಂಕವೇ ಗಡುವಾಗುತ್ತದೆ. ತಡವಾಗಿದ್ದರ ಗುರುತು ಆತನ ಲೆಕ್ಕದಲ್ಲಿ ಉಳಿಯುವುದಿಲ್ಲ.

ಕೊನೆಗೂ ಬಂದ ಲೇಬಲ್ಲಿನಲ್ಲಿ ಬಣ್ಣ, ಕಬ್ಬಿನ ಚಿತ್ರ ಚೆನ್ನಾಗಿಯೇ ಇದ್ದವು. ಆದರೆ ನಮ್ಮ ಊರು ‘ಮಂಡ್‌ಯ’ ಆಗಿತ್ತು, ಬೆಲ್ಲ ‘ಬೆಲ್‌ಲ’ ಆಗಿತ್ತು. ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ಸಾಲಾಗಿ ನಿಂತಿದ್ದವು. ಹಲವು ಡಿಸೈನ್ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳಿಗೆಂದೇ ಇರುವ ಆಯ್ಕೆಯನ್ನು ಸೆಟಿಂಗ್ಸ್‌ನಲ್ಲಿ ಆನ್ ಮಾಡದಿದ್ದರೆ ಕನ್ನಡ ಹೀಗೆಯೇ ಒಡೆಯುತ್ತದೆ. ಕನ್ನಡದ ಕೆಲಸ ಮಾಡಿದವರಿಗೆ ಇದು ಮೊದಲ ಪಾಠ. ಆತ ಕೊಟ್ಟ ಉತ್ತರ ನೋಡಿ: ‘ನಿಮ್ಮ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲ ಸರ್.’ ಕಳುಹಿಸಿದ್ದು ಜೆಪೆಗ್ ಚಿತ್ರ! ಚಿತ್ರದಲ್ಲಿ ಅಕ್ಷರ ಅಚ್ಚೊತ್ತಿದಂತೆ ಕೂತಿರುತ್ತದೆ, ನೋಡುವವರ ಫಾಂಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಂಥ ಮಾತು ಕೇಳಿಬಂದರೆ ಎದುರಿಗಿರುವವರಿಗೆ ಕೆಲಸ ಗೊತ್ತಿಲ್ಲ, ಇಲ್ಲವೇ ನಮಗೆ ಗೊತ್ತಿಲ್ಲವೆಂದು ಅವರು ನಂಬಿದ್ದಾರೆ.

ಎರಡನೆಯ ರಿವಿಷನ್ ಒತ್ತಕ್ಷರಕ್ಕೆ ಹೋಯಿತು, ಮೂರನೆಯದು ಬಿಟ್ಟುಹೋಗಿದ್ದ ಹಸಿರು ಗುರುತಿಗೆ. ಎರಡೂ ಆತನದೇ ತಪ್ಪು. ನಾವು ಮನಸ್ಸು ಬದಲಿಸಿ ಕೇಳಿದ್ದು ಒಂದೂ ಇರಲಿಲ್ಲ. ಅಂತಿಮ ಫೈಲನ್ನು ಮೈಸೂರಿನ ಮುದ್ರಣಾಲಯಕ್ಕೆ ಒಯ್ದರೆ ಅಲ್ಲಿಯವರು ಪರದೆಯ ಮೇಲೆ ಹಿಗ್ಗಿಸಿ ತೋರಿಸಿದರು. ಅಕ್ಷರದ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು. “ಇದು ಮೊಬೈಲಿನಲ್ಲಿ ನೋಡುವುದಕ್ಕೆ ಸರಿ ಸರ್, ಅಚ್ಚಿಗೆ ಆಗುವುದಿಲ್ಲ. ಕತ್ತರಿಸುವ ಗೆರೆಯ ಆಚೆಗೆ ಮೂರು ಮಿಲಿಮೀಟರ್ ಬಣ್ಣವನ್ನೂ ಬಿಟ್ಟಿಲ್ಲ. ಪಿಡಿಎಫ್ ಕೇಳಿ, ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಕಿಲ್ಲದ ಆಕಾರಗಳಾಗಿಸಿ ಕೊಡಲಿ” ಎಂದರು. ಕೇಳಿದೆವು. ‘ರಿವಿಷನ್ ಮುಗಿದಿದೆ ಸರ್, ಹೆಚ್ಚುವರಿ ಹಣ ಕೊಡಬೇಕು’ ಎಂಬ ಉತ್ತರ ಎಂದಿನಂತೆ ತಕ್ಷಣ ಬಂತು.

ಹಾಗಾಗಿ ಆರ್ಡರ್ ಕೊಡುವ ಮೊದಲೇ ತಾಣದ ಚಾಟ್‌ನಲ್ಲಿ ಒಂದು ಮಾತು ಬರೆಸಿಕೊಳ್ಳಿ: ನಾವು ಲಿಖಿತವಾಗಿ ಕೊಟ್ಟ ವಿವರ ಬಿಟ್ಟುಹೋದರೆ, ಕಾಗುಣಿತ ತಪ್ಪಿದರೆ, ಫೈಲ್ ಅಚ್ಚಿಗೆ ಯೋಗ್ಯವಾಗಿಲ್ಲದಿದ್ದರೆ ಅದನ್ನು ಸರಿಪಡಿಸುವುದು ರಿವಿಷನ್ ಲೆಕ್ಕಕ್ಕೆ ಬರುವುದಿಲ್ಲ ಎಂದು. ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಂಡರೆ ದೂರು ಕೊಡುವಾಗ ತಾಣದವರು ಅದನ್ನು ಪರಿಗಣಿಸದೇ ಇರಬಹುದು.

ದೂರು ಕೊಡುವ ಸುಳಿವು ಸಿಕ್ಕಾಗ ಆತನ ದನಿ ಬದಲಾಯಿತು. ‘ಐದು ಸ್ಟಾರ್ ಕೊಡಿ ಸರ್, ಪಿಡಿಎಫ್ ಉಚಿತವಾಗಿ ಮಾಡಿಕೊಡುತ್ತೇನೆ.’ ಆ ಐದು ಸ್ಟಾರ್‌ಗಳೆಲ್ಲ ಹೇಗೆ ಹುಟ್ಟಿದವು ಎಂಬುದು ಆಗ ತಿಳಿಯಿತು. ಸ್ಟಾರ್‌ಗೆ ಕೆಲಸವನ್ನು ವಿನಿಮಯ ಮಾಡುವುದು ತಾಣದ ನಿಯಮಕ್ಕೆ ವಿರುದ್ಧ. ಆ ಸಂದೇಶವನ್ನೇ ದೂರಿಗೆ ಲಗತ್ತಿಸಿದೆವು. ಅರ್ಧ ಹಣ ವಾಪಸ್ ಬಂತು. ಲೇಬಲನ್ನು ಮಂಡ್ಯದಲ್ಲೇ ಡಿಟಿಪಿ ಮಾಡುವವರೊಬ್ಬರು ಮೊದಲಿನಿಂದ ಮಾಡಿಕೊಟ್ಟರು.

ರೇಟಿಂಗ್‌ನಲ್ಲಿ ಸಂವಹನಕ್ಕೆ ಎರಡು, ಸಮಯಕ್ಕೆ ಒಂದು, ರಿವಿಷನ್‌ಗೆ ಒಂದು ಕೊಟ್ಟೆವು. ‘ಕೆಟ್ಟ ಅನುಭವ’ ಎಂದಷ್ಟೇ ಬರೆಯಲಿಲ್ಲ. ಗಡುವು ಯಾವತ್ತಿತ್ತು, ಆ ದಿನ ಜಿಪ್‌ನಲ್ಲಿ ಏನಿತ್ತು, ನಿಜವಾದ ಡಿಸೈನ್ ಬಂದದ್ದು ಯಾವತ್ತು, ಪ್ರತಿ ರಿವಿಷನ್ ಯಾರ ತಪ್ಪಿಗೆ ಹೋಯಿತು ಎಂಬುದನ್ನು ದಿನಾಂಕ ಸಮೇತ ಬರೆದೆವು. ‘ಗ್ರಾಹಕರು ಪದೇ ಪದೇ ಬದಲಾವಣೆ ಕೇಳಿದರು’ ಎಂದು ಆತ ಕೆಳಗೆ ಉತ್ತರಿಸಿದ್ದಾನೆ. ಎರಡನ್ನೂ ಓದಿದವರಿಗೆ ಸತ್ಯ ಯಾವ ಕಡೆಗಿದೆ ಎಂದು ತಿಳಿಯದೇ ಇರದು.

ಆದರೆ ಅಲ್ಲಿಯವರೆಗೆ ಎಷ್ಟು ಜನ ಓದುತ್ತಾರೋ! ಇನ್ನೂರು ವಿಮರ್ಶೆಗಳ ಸರಾಸರಿ 4.9 ಇದ್ದಾಗ ಅದಕ್ಕೆ ನಮ್ಮ ಮೂರು ಅಂಕಗಳ ಸರಾಸರಿಯಾದ 1.3 ಸೇರಿದರೆ 4.88 ಆಗುತ್ತದೆ, ಪರದೆಯ ಮೇಲೆ ಮತ್ತೆ 4.9 ಎಂದೇ ಕಾಣುತ್ತದೆ. ಆದ್ದರಿಂದ ವಿಮರ್ಶೆಗಳನ್ನು ‘ಕಡಿಮೆ ರೇಟಿಂಗ್ ಮೊದಲು’ ಎಂದು ಜೋಡಿಸಿಕೊಂಡು, ಖಾಲಿ ಫೈಲ್, ಹೆಚ್ಚುವರಿ ಹಣ ಎಂಬ ಮಾತುಗಳು ಎಲ್ಲಾದರೂ ಇವೆಯೇ ಎಂದು ಹುಡುಕಿ.