ದೇವಸ್ಥಾನದ ಯುಪಿಐ ಕಾಣಿಕೆ: ಎರಡು ವರ್ಷಗಳ ಬಳಕೆಯ ನಂತರ, ಹಿರಿಯ ಭಕ್ತರ ಸಲುವಾಗಿ

ಉಡುಪಿ ಸಮೀಪದ ನಮ್ಮ ಗ್ರಾಮದ ದೇವಸ್ಥಾನದಲ್ಲಿ ಯುಪಿಐ ಮೂಲಕ ಕಾಣಿಕೆ ಮತ್ತು ಸೇವಾಶುಲ್ಕ ಸ್ವೀಕರಿಸುವ ವ್ಯವಸ್ಥೆ ಬಂದು ಎರಡು ವರ್ಷ ಮೀರಿದೆ. ಮೊದಲಿನಿಂದಲೂ ನಾನು ಅದನ್ನು ಬಳಸುತ್ತಿದ್ದೇನೆ. ಸಂಕ್ರಮಣದಂದು ಮತ್ತು ಸೋಣೆ ತಿಂಗಳ ಶನಿವಾರಗಳಂದು ಸೇವಾ ಕೌಂಟರಿನ ಪಕ್ಕದಲ್ಲಿ ನಿಂತು ಹಿರಿಯರಿಗೆ ಅದನ್ನು ತೋರಿಸಿಕೊಡುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ವ್ಯವಸ್ಥೆ ಒಟ್ಟಿನಲ್ಲಿ ಚೆನ್ನಾಗಿದೆ. ಆದರೆ ಅದರಲ್ಲಿ ಏನು ಸುರಕ್ಷಿತ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಹಿರಿಯರಿಗೆ ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಈ ವಿಮರ್ಶೆಯಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಗಮನಿಸಬೇಕಾದದ್ದು, ದೇವಸ್ಥಾನದಲ್ಲಿ ಎರಡು ಬಗೆಯ ಕ್ಯೂಆರ್ ಚೌಕಗಳಿವೆ ಎಂಬುದು. ಹುಂಡಿಯ ಪಕ್ಕದ ಗಾಜಿನ ಚೌಕಟ್ಟಿನಲ್ಲಿರುವುದು ಬರೀ ಕಾಣಿಕೆಗೆ. ಮೊತ್ತವನ್ನು ನಾವೇ ಒತ್ತಬೇಕು, ಹಣ ನೇರವಾಗಿ ದೇವಸ್ಥಾನದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಸೇವಾ ಕೌಂಟರಿನ ಯಂತ್ರದ ಪರದೆಯ ಮೇಲೆ ಕಾಣಿಸುವುದು ಬೇರೆ. ಅಲ್ಲಿ ಹೆಸರು, ನಕ್ಷತ್ರ, ರಾಶಿಯನ್ನು ಬರೆಸಿದ ಮೇಲೆ ಆ ರಶೀದಿಗೆಂದೇ ಒಂದು ಚೌಕ ಮೂಡುತ್ತದೆ ಮತ್ತು ಅದರಲ್ಲಿ ಮೊತ್ತ ಮೊದಲೇ ತುಂಬಿರುತ್ತದೆ. ಹುಂಡಿಯ ಪಕ್ಕದ ಚೌಕಕ್ಕೆ ಹೂವಿನ ಪೂಜೆಯ ಹಣ ಕಳುಹಿಸಿ, ತಮ್ಮ ಹೆಸರಿನಲ್ಲಿ ಪೂಜೆ ನಡೆಯುತ್ತದೆ ಎಂದು ಕಾಯುತ್ತ ಕುಳಿತವರನ್ನು ನಾನು ಹಲವು ಸಲ ಕಂಡಿದ್ದೇನೆ. ಆ ಹಣ ಕಾಣಿಕೆಯಾಗಿ ಸಂದಿರುತ್ತದೆಯೇ ಹೊರತು ಅರ್ಚಕರ ಕೈಯಲ್ಲಿರುವ ಸಂಕಲ್ಪದ ಪಟ್ಟಿಗೆ ಹೆಸರು ಹೋಗಿರುವುದಿಲ್ಲ. ಆದ್ದರಿಂದ ಸೇವೆಗೆ ಕೌಂಟರ್, ಕಾಣಿಕೆಗೆ ಚೌಕಟ್ಟು ಎಂದು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಈ ವ್ಯತ್ಯಾಸವನ್ನು ಒಂದು ದೊಡ್ಡ ಫಲಕದಲ್ಲಿ ಬರೆದು ಹಾಕಿ ಎಂದು ಆಡಳಿತ ಮಂಡಳಿಗೆ ಹೇಳಿ ಬಹಳ ಕಾಲವಾಯಿತು. ಫಲಕ ಇನ್ನೂ ಬಂದಿಲ್ಲ.

ಹಣ ಕೊಡುವ ಕ್ರಮವನ್ನು ನಮ್ಮ ನೆರೆಮನೆಯ ದೊಡ್ಡಮ್ಮನವರಿಗೆ ಹೇಳಿಕೊಟ್ಟ ರೀತಿಯಲ್ಲೇ ಇಲ್ಲಿ ಹೇಳುತ್ತೇನೆ. ಅವರು ಕಾಣಿಕೆಯಾಗಿ 51 ರೂಪಾಯಿ ಹಾಕಲು ಬಂದಿದ್ದರು. ಫೋನಿನಲ್ಲಿ ಹಣದ ಆ್ಯಪ್ ತೆರೆದು, ಸ್ಕ್ಯಾನ್ ಮಾಡುವ ಗುರುತನ್ನು ಒತ್ತಿ, ಚೌಕಟ್ಟಿನಿಂದ ಒಂದು ಗೇಣು ದೂರದಲ್ಲಿ ಫೋನನ್ನು ಅಲುಗಿಸದೆ ಹಿಡಿಯಲು ಹೇಳಿದೆ. ಗಾಜಿನ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಹೊಳೆಯುತ್ತಿದ್ದರೆ ಸ್ವಲ್ಪ ಓರೆಯಾಗಿ ನಿಲ್ಲಬೇಕಾಗುತ್ತದೆ. ಚೌಕ ಓದಿದ ಕೂಡಲೇ ಪರದೆಯ ಮೇಲ್ಭಾಗದಲ್ಲಿ ಹಣ ಯಾರಿಗೆ ಹೋಗುತ್ತದೆ ಎಂಬ ಹೆಸರು ಬರುತ್ತದೆ. "ಇಲ್ಲಿ ನಿಲ್ಲಿ ದೊಡ್ಡಮ್ಮ, ಹೆಸರು ಓದಿ" ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ದೇವಸ್ಥಾನದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ನಂತರ 51 ಎಂದು ಒತ್ತಿ, ಅದನ್ನೂ ಗಟ್ಟಿಯಾಗಿ ಓದಿ, ಕೊನೆಗೆ ಫೋನನ್ನು ಎದೆಗೆ ಹತ್ತಿರ ಹಿಡಿದು ತಮ್ಮ ಗುಪ್ತ ಸಂಖ್ಯೆ, ಅಂದರೆ ಯುಪಿಐ ಪಿನ್ ಒತ್ತಿದರು. ಹಸಿರು ಗುರುತು ಬಂತು, ಅರ್ಚಕರ ಪಕ್ಕದ ಪುಟ್ಟ ಧ್ವನಿಪೆಟ್ಟಿಗೆ ಕನ್ನಡದಲ್ಲಿ ಮೊತ್ತವನ್ನು ಹೇಳಿತು. "ದೇವರಿಗೂ ಕೇಳಿಸಿತಲ್ಲ" ಎಂದು ಅವರು ನಕ್ಕರು.

ಹೆಸರು ಓದುವ ಆ ಕ್ಷಣವೇ ಇಡೀ ವ್ಯವಸ್ಥೆಯ ಕಾವಲು. ದೇವಸ್ಥಾನಗಳಲ್ಲಿ ಮತ್ತು ಅಂಗಡಿಗಳಲ್ಲಿ ನಿಜವಾದ ಚೌಕದ ಮೇಲೆ ತಮ್ಮ ಚೌಕದ ಚೀಟಿ ಅಂಟಿಸಿ ಹಣ ಹೊಡೆಯುವ ಮೋಸ ಇದೆ. ಚೌಕವನ್ನು ನೋಡಿ ಯಾವುದು ಅಸಲಿ ಎಂದು ಯಾರಿಂದಲೂ ಹೇಳಲಾಗದು. ಆದರೆ ಪರದೆಯ ಮೇಲಿನ ಹೆಸರು ಚೀಟಿಯಿಂದ ಬರುವುದಲ್ಲ, ಖಾತೆದಾರರ ಬ್ಯಾಂಕಿನಿಂದ ಬರುತ್ತದೆ. ಅಲ್ಲಿ ದೇವಸ್ಥಾನದ ಹೆಸರಿಲ್ಲದೆ ಯಾವುದೋ ವ್ಯಕ್ತಿಯ ಹೆಸರು ಕಂಡರೆ ಹಿಂದಕ್ಕೆ ಬಂದು ಕೌಂಟರಿನಲ್ಲಿ ಕೇಳಬೇಕು. ಪಿನ್ ಒತ್ತುವವರೆಗೆ ಒಂದು ರೂಪಾಯಿಯೂ ಹೋಗುವುದಿಲ್ಲ ಎಂಬ ಒಂದು ಮಾತು ಹೇಳಿದ ಮೇಲೆ ಹಿರಿಯರ ಕೈ ನಡುಗುವುದು ಎಷ್ಟೋ ಕಡಿಮೆಯಾಗುತ್ತದೆ. (ಸಣ್ಣ ಮೊತ್ತಕ್ಕೆ ಪಿನ್ ಕೇಳದ ಯುಪಿಐ ಲೈಟ್ ಎಂಬ ಸೌಲಭ್ಯವಿದೆ. ಹೊಸದಾಗಿ ಕಲಿಯುವವರ ಫೋನಿನಲ್ಲಿ ನಾನು ಅದನ್ನು ಹಾಕಿಸುವುದಿಲ್ಲ.)

ಇನ್ನೊಂದು ಮಾತನ್ನೂ ನಾನು ಪ್ರತಿ ಸಲ ಹೇಳುತ್ತೇನೆ: ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಪ್ರಸಾದ ಅಂಚೆಯಲ್ಲಿ ಬರುತ್ತದೆ, ಹೆಚ್ಚಾಗಿ ಕೊಟ್ಟ ಹಣವನ್ನು ಹಿಂದಿರುಗಿಸುತ್ತೇವೆ, ಒಮ್ಮೆ ಪಿನ್ ಒತ್ತಿ ಎಂದು ಯಾರಾದರೂ ಕರೆ ಮಾಡಿದರೆ ಅವರು ದೇವಸ್ಥಾನದವರಲ್ಲ, ಫೋನ್ ಇಟ್ಟುಬಿಡಬೇಕು. ಅಕಸ್ಮಾತ್ ಹಣ ಹೋಗಿದ್ದರೆ ನಾಚಿಕೊಂಡು ಮನೆಯಲ್ಲಿ ಮುಚ್ಚಿಡದೆ ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟವಾಗುತ್ತದೆ. ಪಿಂಚಣಿ ಬರುವ ಖಾತೆಯನ್ನು ಯುಪಿಐಗೆ ಜೋಡಿಸದೆ, ಎರಡು ಮೂರು ಸಾವಿರ ರೂಪಾಯಿ ಮಾತ್ರ ಇರುವ ಇನ್ನೊಂದು ಉಳಿತಾಯ ಖಾತೆಯನ್ನು ಜೋಡಿಸುವುದು ನಾನು ಕಂಡಂತೆ ಹಿರಿಯರಿಗೆ ಅತ್ಯಂತ ನೆಮ್ಮದಿ ಕೊಡುವ ಏರ್ಪಾಡು. ಏನೇ ತಪ್ಪಾದರೂ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ.

ವ್ಯವಸ್ಥೆ ಕೈಕೊಡುವುದು ಹೆಚ್ಚಾಗಿ ಉತ್ಸವದ ದಿನಗಳಲ್ಲಿ. ಪ್ರಾಂಗಣದ ಒಳಗೆ ಸಿಗ್ನಲ್ ಕಡಿಮೆ, ಜನ ಹೆಚ್ಚು. ಚಕ್ರ ತಿರುಗುತ್ತಲೇ ಇರುತ್ತದೆ, ಹಸಿರು ಗುರುತೂ ಇಲ್ಲ, ಕೆಂಪು ಗುರುತೂ ಇಲ್ಲ. ಆಗ ಎರಡನೆಯ ಬಾರಿ ಹಣ ಕಳುಹಿಸಲೇಬಾರದು. ಹೊರಗೆ ಬಂದು, ಬ್ಯಾಂಕಿನಿಂದ ಹಣ ಕಡಿತವಾದ ಸಂದೇಶ ಬಂದಿದೆಯೇ ಎಂದು ನೋಡಬೇಕು. ಬಂದಿದ್ದರೆ ಆ್ಯಪ್‌ನ ಹಿಂದಿನ ವ್ಯವಹಾರಗಳ ಪಟ್ಟಿಯಲ್ಲಿ ಆ ಪಾವತಿಯನ್ನು ತೆರೆದರೆ 12 ಅಂಕೆಗಳ ಯುಪಿಐ ಸಂಖ್ಯೆ ಸಿಗುತ್ತದೆ. ಅದನ್ನು ಕೌಂಟರಿನವರಿಗೆ ತೋರಿಸಿದರೆ ಅವರು ತಮ್ಮ ಲೆಕ್ಕದಲ್ಲಿ ಹುಡುಕಿ ರಶೀದಿ ಕೊಡುತ್ತಾರೆ. ಅವರಲ್ಲಿಯೂ ಹಣ ಬಂದಿರದಿದ್ದರೆ ಅದು ಮುಳುಗಿತೆಂದಲ್ಲ. ಹೀಗೆ ನಡುವೆ ಸಿಕ್ಕಿಬಿದ್ದ ಪಾವತಿಯನ್ನು, ವ್ಯವಹಾರ ನಡೆದ ದಿನ ಬಿಟ್ಟು ಐದು ದಿನಗಳೊಳಗೆ ತಾನಾಗಿಯೇ ಖಾತೆಗೆ ಹಿಂದಿರುಗಿಸಬೇಕೆಂದು ರಿಸರ್ವ್ ಬ್ಯಾಂಕಿನ 2019ರ ಆದೇಶವಿದೆ. ಅದಕ್ಕೂ ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕರಿಗೆ ಪರಿಹಾರ ಕೊಡಬೇಕು.

51ರ ಬದಲು 510 ಒತ್ತಿ ಪಿನ್ ಹಾಕಿಬಿಟ್ಟರೆ ಮಾತ್ರ ಈ ನಿಯಮ ನೆರವಿಗೆ ಬರುವುದಿಲ್ಲ, ಏಕೆಂದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಸರಿಯಾಗಿ ನಡೆದ ಪಾವತಿ. ಹೆಚ್ಚುವರಿ ಹಣ ಬೇಕೆಂದರೆ ಆಡಳಿತ ಮಂಡಳಿಗೆ ಅರ್ಜಿ ಬರೆದು ಕಾಯಬೇಕು, ಮತ್ತು ನಮ್ಮಲ್ಲಿ ಆ ಕೆಲಸ ಬಹಳ ನಿಧಾನ. "ದೇವರಿಗೆ ಹೋದದ್ದಲ್ಲವೇ, ಇರಲಿ ಬಿಡಿ" ಎಂದು ಕಚೇರಿಯವರೇ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಹಾಗೆ ಹೇಳುವ ಹಕ್ಕು ಕೊಟ್ಟವರದು.

ರಶೀದಿಯ ಸಂದೇಶ ಇಂಗ್ಲಿಷಿನಲ್ಲಿ ಬರುವುದು ಇನ್ನೊಂದು ಕೊರತೆ. ಕೇಳಿದರೆ ಕೌಂಟರಿನಲ್ಲಿ ಕನ್ನಡದ ಮುದ್ರಿತ ರಶೀದಿ ಕೊಡುತ್ತಾರೆ, ಕೇಳದಿದ್ದರೆ ಕೊಡುವುದಿಲ್ಲ. ಹಿರಿಯರು ಅದನ್ನು ಕೇಳಿ ಪಡೆದುಕೊಳ್ಳುವುದು ಒಳ್ಳೆಯದು. ಪರದೆಯ ಮೇಲಿನ ಹೆಸರು ಓದಲು ಕಣ್ಣು ಸಾಲದವರಿಗೆ ಮತ್ತು ಪಿನ್ ನೆನಪಿಡಲಾಗದೆ ಅದನ್ನು ಫೋನಿನ ಕವರಿನೊಳಗೆ ಬರೆದಿಟ್ಟುಕೊಳ್ಳುವವರಿಗೆ ನಾನು ಈ ವ್ಯವಸ್ಥೆಯನ್ನು ಶಿಫಾರಸು ಮಾಡುವುದಿಲ್ಲ. ಹುಂಡಿಯೂ ನಗದು ಕೌಂಟರೂ ಮೊದಲಿನಂತೆಯೇ ತೆರೆದಿವೆ.